ಹಸಿ ಲಸೂಣ ಘಾಸ್ ಮೇಯ್ದ ಆಕಳಿನ ಹೊಟ್ಟೆ ಉಬ್ಬಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ–ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್ ದಾಟಿ ಯವತ್ ಕಡೆ ಬಂದರೆ ನಮ್ಮ ಗೋಠಾ, ಅಂದರೆ ದನದ ಕೊಟ್ಟಿಗೆ, ಸಿಗುತ್ತದೆ. ಏಳು ಆಕಳು, ಎರಡು ಎಮ್ಮೆ. ಊರು ಇಂಡಿ ತಾಲ್ಲೂಕು, ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಸುತ್ತಮುತ್ತಲ ಗೋಠಾಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಬಹಳ ಮಂದಿ ಇದ್ದಾರೆ. ಊರಲ್ಲಿ ಕಣಿಕೆ ತಿನ್ನಿಸಿ ದನ ಸಾಕಿದವರಿಗೆ ಇಲ್ಲಿನ ಲಸೂಣ ಘಾಸ್ ಹೊಸದು. ನಮ್ಮಲ್ಲಿ ಕುದುರೆ ಮೆಂತ್ಯ ಅನ್ನುವುದು ಇದನ್ನೇ. ಚಳಿಗಾಲ ಬಂತೆಂದರೆ ಅವರ ಫೋನು ಶುರುವಾಗುತ್ತದೆ. ಹೆಚ್ಚಾಗಿ ಕೇಳುವುದು ಇವೇ ಪ್ರಶ್ನೆಗಳು. ನಾನು ಡಾಕ್ಟರಲ್ಲ. ನಮ್ಮ ಡಾಕ್ಟರು ಕಲಿಸಿದ್ದನ್ನೂ ನಾನು ಪೆಟ್ಟು ತಿಂದು ಕಲಿತದ್ದನ್ನೂ ಬರೆದಿದ್ದೇನೆ.

ಆಕಳು ಎದುರಿಗೇ ಉಬ್ಬಿಕೊಂಡು ನಿಂತಿದೆ. ಈಗ ಏನು ಮಾಡಲಿ?

ಘಾಸ್ ಇನ್ನೂ ಬಾಯಿಗೆ ಸಿಗುವ ಹಾಗಿದ್ದರೆ ಮೊದಲು ಅಲ್ಲಿಂದ ಹೊರಗೆ ತನ್ನಿ. ಜೊತೆಯಲ್ಲಿದ್ದ ದನಗಳನ್ನೂ ತನ್ನಿ, ಅವೂ ಅದನ್ನೇ ತಿಂದಿವೆ. ಓಡಿಸಬೇಡಿ, ನಡೆಸಿಕೊಂಡು ಬನ್ನಿ.

ಒಬ್ಬರು ಡಾಕ್ಟರಿಗೆ ಫೋನ್ ಮಾಡಲಿ. ಪರಿಚಯದ ಡಾಕ್ಟರು ಸಿಗದಿದ್ದರೆ 1962ಕ್ಕೆ ಮಾಡಿ. ಅದು ಪಶು ಆಂಬುಲೆನ್ಸ್ ನಂಬರ್, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದೇ. ಫೋನಿನಲ್ಲಿ ‘ಹುಷಾರಿಲ್ಲ’ ಅಂದರೆ ಸಾಲದು. ‘ಹಸಿ ಘಾಸ್ ತಿಂದು ಪೋಟ್ ಫುಗಲಂಯ್’ ಅನ್ನಿ, ಹೊಟ್ಟೆ ಉಬ್ಬಿದೆ ಅಂತ. ಹಾಗಂದರೆ ಯಾವ ಔಷಧಿ, ಎಂಥ ಪೈಪು ಹಿಡಿದು ಬರಬೇಕೆಂದು ಅವರಿಗೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಇನ್ನೊಬ್ಬರು ಅಡುಗೆಮನೆಯಿಂದ ಶೇಂಗಾ ಎಣ್ಣೆ ತರಲಿ. ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆಯೂ ನಡೆಯುತ್ತದೆ. ದೊಡ್ಡ ಆಕಳಿಗೆ 250ರಿಂದ 500 ಮಿಲಿ. ನಾನು ಅರ್ಧ ಲೀಟರ್ ಬಾಟಲಿಯನ್ನು ಮುಕ್ಕಾಲು ತುಂಬಿಸುತ್ತೇನೆ. ಆಕಳು ನಿಂತಿದ್ದರೆ, ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ ಕುಡಿಸಿ. ಹೇಗೆ ಕುಡಿಸಬೇಕೆಂದು ಕೆಳಗೆ ಹೇಳಿದ್ದೇನೆ, ದಯವಿಟ್ಟು ಅದನ್ನು ಓದದೆ ಕುಡಿಸಬೇಡಿ.

ಆಮೇಲೆ ಮುಂಗಾಲು ಎತ್ತರದಲ್ಲಿ ಇರುವ ಹಾಗೆ ನಿಲ್ಲಿಸಿ. ಗೋಠಾದ ಕಟ್ಟೆಯಾದರೂ ಸರಿ, ಗೊಬ್ಬರದ ದಿಬ್ಬದ ಅಂಚಾದರೂ ಸರಿ. ಎದೆಯ ಮೇಲಿನ ಒತ್ತಡ ಅಷ್ಟು ಕಡಿಮೆಯಾಗುತ್ತದೆ. ಹೆಬ್ಬೆರಳು ದಪ್ಪದ ಕೋಲನ್ನು ಕಡಿವಾಣದ ಹಾಗೆ ಬಾಯಿಗೆ ಅಡ್ಡ ಕಟ್ಟಿದರೆ ಅಗಿಯುತ್ತಾ ಇರುತ್ತದೆ. ಜೊಲ್ಲು ಇಳಿಯುತ್ತದೆ, ತೇಗಲು ದಾರಿಯಾಗುತ್ತದೆ. ಎಡ ಪಕ್ಕೆಯನ್ನು ಅಂಗೈಯಿಂದ ಒತ್ತಿ ಒತ್ತಿ ಬಿಡುತ್ತಾ ಇರಿ, ಎಣ್ಣೆ ಒಳಗೆ ಬೆರೆಯಬೇಕಲ್ವಾ.

ಎಣ್ಣೆಯೇ ಯಾಕೆ? ಹೊಟ್ಟೆಯಲ್ಲಿ ಇರುವುದು ಗ್ಯಾಸ್ ತಾನೇ?

ಗ್ಯಾಸ್ ಹೌದು, ಆದರೆ ಬರೀ ಗ್ಯಾಸ್ ಅಲ್ಲ. ಇರುವುದು ನೊರೆ. ಎಲ್ಲ ತಪ್ಪೂ ಶುರುವಾಗುವುದು ಇದು ಗೊತ್ತಿಲ್ಲದೆ.

ಆಕಳಿನ ದೊಡ್ಡ ಹೊಟ್ಟೆಯಲ್ಲಿ, ಡಾಕ್ಟರು ರೂಮೆನ್ ಅನ್ನುತ್ತಾರಲ್ಲ ಅದರಲ್ಲಿ, ಮೇವು ಹುದುಗುತ್ತಾ ಇರುತ್ತದೆ. ಗಂಟೆಗೆ 30ರಿಂದ 50 ಲೀಟರ್ ಗ್ಯಾಸ್ ಹುಟ್ಟುತ್ತದೆ. ಆಕಳು ಹೆಚ್ಚು ಕಡಿಮೆ ನಿಮಿಷಕ್ಕೊಂದು ಸಲ ತೇಗಿ ಅದನ್ನು ಹೊರಗೆ ಬಿಡುತ್ತಾ ಇರುತ್ತದೆ. ನಮ್ಮ ಗಮನಕ್ಕೇ ಬರುವುದಿಲ್ಲ. ಗ್ಯಾಸ್ ಮೇಲೆ ಬೇರೆಯಾಗಿ ನಿಂತರೆ ತಾನೇ ತೇಗು ಬರುವುದು?

ಲಸೂಣ ಘಾಸ್, ಬರ್ಸೀಮ್ ಇವೆಲ್ಲ ಬೇಳೆಕಾಳಿನ ಜಾತಿಯ ಮೇವು. ಇವುಗಳ ಎಳೆ ಎಲೆಯಲ್ಲಿ ನೀರಿಗೆ ಬೇಗ ಕರಗುವ ಪ್ರೋಟೀನ್ ಜಾಸ್ತಿ. ಎಲೆ ಹೊಟ್ಟೆಗೆ ಬಿದ್ದ ಕೂಡಲೇ ಒಡೆಯುತ್ತದೆ, ಪ್ರೋಟೀನ್ ರಸಕ್ಕೆ ಇಳಿಯುತ್ತದೆ, ಎಲೆಯ ಹಸಿರು ಪುಡಿ ಅದಕ್ಕೆ ಸೇರಿಕೊಳ್ಳುತ್ತದೆ. ಹುಟ್ಟಿದ ಗ್ಯಾಸೆಲ್ಲ ಸಣ್ಣ ಸಣ್ಣ ಗುಳ್ಳೆಯಾಗಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಗುಳ್ಳೆ ಒಡೆಯುವುದಿಲ್ಲ. ಗಂಟಲಿಗೆ ಹೋಗುವ ಬಾಯಿಯನ್ನು ನೊರೆ ಮುಚ್ಚಿದರೆ ಆಕಳಿಗೆ ತೇಗಲು ಬರುವುದಿಲ್ಲ. ಹೊಟ್ಟೆ ಊದುತ್ತಾ ಹೋಗಿ ಶ್ವಾಸಕೋಶವನ್ನು ಒತ್ತುತ್ತದೆ. ಆಕಳು ಸಾಯುವುದು ಉಸಿರು ಕಟ್ಟಿ.

ಮನೆಯಲ್ಲಿ ತೊಗರಿಬೇಳೆ ಬೇಯಲು ಇಟ್ಟಿರುತ್ತಾರೆ. ನೊರೆ ಉಕ್ಕಿ ಪಾತ್ರೆಯ ಹೊರಗೆ ಬರುತ್ತದೆ. ಆಗ ಏನು ಮಾಡುತ್ತಾರೆ? ಒಂದು ಚಮಚ ಎಣ್ಣೆ ಬಿಡುತ್ತಾರೆ, ನೊರೆ ತಣ್ಣಗೆ ಕೂರುತ್ತದೆ. ಅದೂ ಬೇಳೆಯ ಪ್ರೋಟೀನ್ ನೊರೆಯೇ. ಆಕಳಿನ ಹೊಟ್ಟೆಯಲ್ಲೂ ಎಣ್ಣೆ ಅದೇ ಕೆಲಸ ಮಾಡುತ್ತದೆ. ಗುಳ್ಳೆಯ ಗೋಡೆ ಒಡೆಯುತ್ತದೆ, ಗ್ಯಾಸ್ ಮೇಲೆ ಸೇರುತ್ತದೆ, ತೇಗು ಬರುತ್ತದೆ.

ಇಬ್ಬನಿ ಬಿದ್ದ ಘಾಸ್ ವಿಷವಾ?

ಇಬ್ಬನಿಯ ನೀರಿನಲ್ಲಿ ವಿಷವೇನೂ ಇಲ್ಲ. ಇಬ್ಬನಿ ಬಿದ್ದ ಎಲೆ ಮೆತ್ತಗೆ ಇರುತ್ತದೆ. ಆಕಳು ಹೆಚ್ಚು ಅಗಿಯದೆ ಗಬಗಬ ನುಂಗುತ್ತದೆ. ಜೊಲ್ಲು ಕಡಿಮೆ ಹೋಗುತ್ತದೆ. ಬೆಳಿಗ್ಗೆ ಹೊಟ್ಟೆಯೂ ಖಾಲಿ ಇರುತ್ತದೆ. ಇದೆಲ್ಲ ಕೂಡಿ ಅರ್ಧ ಗಂಟೆಯಲ್ಲೇ ಎಳೆ ಎಲೆಯ ರಾಶಿ ಒಳಗೆ ಸೇರುತ್ತದೆ.

ಹಾಗಾಗಿ ‘ಇಬ್ಬನಿ ಆರಿದೆ, ಇನ್ನು ಬಿಡಬಹುದು’ ಅಂತ ಹಸಿದ ಆಕಳನ್ನು ಹತ್ತು ಗಂಟೆಗೆ ಬಿಟ್ಟರೂ ಉಬ್ಬಬಹುದು. ನನ್ನ ಲೆಕ್ಕದಲ್ಲಿ ಮೊದಲ ಅಪರಾಧಿ ಹಸಿವು, ಎರಡನೆಯದು ಎಳೆ ಘಾಸ್, ನೀರು ಮೂರನೆಯದು.

ಎಳೆಯದು ಅಂದರೆ ಎಷ್ಟು ಎಳೆಯದು? ಹೂವು ಬಿಡುವ ಮೊದಲಿನದು. ಮೊಗ್ಗಿನ ತನಕ ಅಪಾಯ ಜಾಸ್ತಿ. ಹೂವು ಕಾಣಿಸಿಕೊಂಡ ಮೇಲೆ ಕಾಂಡ ಗಟ್ಟಿಯಾಗುತ್ತದೆ, ನಾರು ಕೂಡುತ್ತದೆ, ಕರಗುವ ಪ್ರೋಟೀನ್ ಇಳಿಯುತ್ತದೆ. ಇಲ್ಲಿ ಖಡಕ್‌ವಾಸ್ಲಾ ಕಾಲುವೆಯ ನೀರು ಸಿಕ್ಕವರು ಘಾಸ್ ಕೊಯ್ಯುತ್ತಲೇ ಇರುತ್ತಾರೆ. ಕೊಯ್ದ ಮೇಲೆ ಮತ್ತೆ ಚಿಗುರಿ ಮೊಣಕಾಲಿನ ತನಕ ಬಂದದ್ದು ನೋಡಲು ಬಹಳ ಚೆಂದ. ಆಕಳಿಗೂ ಅದೇ ಇಷ್ಟ. ಹೊಟ್ಟೆ ಉಬ್ಬುವುದೂ ಅದರಿಂದಲೇ.

ಬರೀ ಹೊಟ್ಟೆ ತುಂಬಿದ್ದೋ, ಉಬ್ಬಿದ್ದೋ? ಹೇಗೆ ತಿಳಿಯುವುದು?

ಆಕಳಿನ ಹಿಂದೆ ನಿಂತು ನೋಡಿ. ಎಡಗಡೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಒಂದು ಗುಳಿ ಇರುತ್ತದೆ. ಹೊಟ್ಟೆ ತುಂಬಿದಾಗಲೂ ಅದು ಅಷ್ಟಿಷ್ಟು ಕಾಣುತ್ತದೆ, ಒತ್ತಿದರೆ ಹಿಟ್ಟಿನ ಹಾಗೆ ಒಳಗೆ ಹೋಗುತ್ತದೆ. ಉಬ್ಬರದಲ್ಲಿ ಗುಳಿ ಮಾಯವಾಗಿ ಗುಡ್ಡವಾಗುತ್ತದೆ. ಬೆರಳಿನಿಂದ ಬಡಿದರೆ ಹಲಗೆ ಬಡಿದ ಹಾಗೆ ಸದ್ದು.

ನಡತೆಯೂ ಬದಲಾಗುತ್ತದೆ. ಮೆಲುಕು ನಿಲ್ಲುತ್ತದೆ. ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತದೆ, ಹಿಂಗಾಲಿನಿಂದ ಹೊಟ್ಟೆಗೆ ಒದೆಯುತ್ತದೆ, ಮಲಗಿ ಏಳುತ್ತದೆ, ಸ್ವಲ್ಪ ಸ್ವಲ್ಪವೇ ಸಗಣಿ ಹಾಕುತ್ತದೆ. ಇಲ್ಲಿಯವರೆಗೆ ನಿಮ್ಮ ಕೈಯಲ್ಲಿ ಸಮಯವಿದೆ. ಬಲಗಡೆಯೂ ಊದಿದರೆ, ಬಾಯಿ ತೆರೆದು ನಾಲಿಗೆ ಚಾಚಿ ಉಸಿರಾಡಿದರೆ, ಕಾಲು ತಡವರಿಸಿದರೆ ಉಳಿದಿರುವುದು ನಿಮಿಷಗಳು. ಮೇಯಲು ಬಿಟ್ಟ ಒಂದು ಗಂಟೆಯಲ್ಲೇ ಸತ್ತದ್ದುಂಟು. ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ.

ಇನ್ನೊಂದು ಮಾತು. ಕತ್ತು ಮುಂದೆ ಚಾಚಿ, ಒಂದೇ ಸಮ ಜೊಲ್ಲು ಸುರಿಸುತ್ತಾ, ನುಂಗಲು ಒದ್ದಾಡುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿರಬಹುದು. ಮಾವಿನ ಗೊರಟೆ, ಗೆಣಸಿನ ತುಂಡು, ಇಂಥದ್ದು. ಆಗಲೂ ಹೊಟ್ಟೆ ಉಬ್ಬುತ್ತದೆ. ಅಂಥ ಆಕಳಿಗೆ ಎಣ್ಣೆ ಕುಡಿಸಿದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ನಿಮ್ಮ ಗೋಠಾದಲ್ಲೇ ಆಗಿದೆಯಾ?

ಆಗಿದೆ. ತಪ್ಪು ನನ್ನದೇ. ಒಂದು ಜನವರಿಯಲ್ಲಿ ಕಣಿಕೆಯ ಟೆಂಪೊ ಎರಡು ದಿನ ತಡವಾಯಿತು. ಇದ್ದದ್ದನ್ನೇ ಎಳೆದು ಹಂಚಿದೆ. ರಾತ್ರಿ ಆಕಳುಗಳ ಮುಂದೆ ಗೋದಲಿ ಖಾಲಿ. ಬೆಳಿಗ್ಗೆ ಹಾಲು ಕರೆದು ಏಳು ಗಂಟೆಗೆ ಹುಡುಗ ಗೌರಿಯನ್ನು ಘಾಸ್ ಪಟ್ಟಿಯ ಬದುವಿನಲ್ಲಿ ಕಟ್ಟಿ, ಹಾಲಿನ ಕ್ಯಾನ್ ಕೊಟ್ಟು ಬರಲು ಹೋದ. ಗೌರಿ ಎಚ್‌ಎಫ್ ಕ್ರಾಸ್, ಸುಮಾರು 400 ಕೆಜಿ, ದಿನಕ್ಕೆ ಹನ್ನೆರಡು ಲೀಟರ್ ಹಾಲು. ಬದುವಿನಲ್ಲಿ ಹುಲ್ಲಿತ್ತು. ಹಗ್ಗ ಮಾತ್ರ ಘಾಸ್ ಮುಟ್ಟುವಷ್ಟು ಉದ್ದ ಇತ್ತು.

7:40ಕ್ಕೆ ನಾನು ಹೋದಾಗ ಮೇಯುವುದು ಬಿಟ್ಟು ಸುಮ್ನೆ ನಿಂತಿತ್ತು. ಎಡಗಡೆ ಬೆನ್ನುಮೂಳೆಯ ಮಟ್ಟಕ್ಕೆ ಬಂದಿತ್ತು. ಮೂಗಿನ ತನಕ ಇಬ್ಬನಿಯ ನೀರು, ಮುಂದೆ ಒಂದು ಹಾಸಿಗೆಯಷ್ಟು ಜಾಗದ ಚಿಗುರು ಬೋಳು. ಹೊರಗೆ ತಂದು ಕಟ್ಟೆಗೆ ಹತ್ತಿಸಿ 7:50ಕ್ಕೆ 400 ಮಿಲಿ ಶೇಂಗಾ ಎಣ್ಣೆ ಕುಡಿಸಿದೆ. ಹೆಂಡತಿ ಡಾಕ್ಟರಿಗೆ ಫೋನ್ ಹಚ್ಚಿದಳು. ಕೋಲು ಕಟ್ಟಿ ಎಡಗಡೆ ಒತ್ತುತ್ತಾ ನಿಂತೆವು. ಹೊಟ್ಟೆ ಮತ್ತೆ ಏರಲಿಲ್ಲ, ಇಳಿಯಲೂ ಇಲ್ಲ. ಆ ಮುಕ್ಕಾಲು ಗಂಟೆ ಬಹಳ ಉದ್ದ.

8:35ಕ್ಕೆ ಡಾಕ್ಟರು ಬಂದರು. ಬಾಯಿಯಿಂದ ಹೊಟ್ಟೆಗೆ ಪೈಪ್ ಇಳಿಸಿದರು. ನಾನು ಟಯರ್ ಗಾಳಿ ಬಿಟ್ಟ ಹಾಗೆ ‘ಪುಸ್’ ಅನ್ನುತ್ತದೆ ಅಂದುಕೊಂಡಿದ್ದೆ. ಬಂದದ್ದು ಹಸಿರು ನೊರೆ, ಆಗ ತಾನೇ ಕರೆದ ಹಾಲಿನ ಬಕೆಟ್ ಮೇಲೆ ನಿಂತ ಹಾಗೆ. ಪೈಪಿನ ತುದಿಯಲ್ಲೇ ಕಟ್ಟಿಕೊಂಡಿತು. ಡಾಕ್ಟರು ನನ್ನ ಅಂಗೈಗೆ ಅಷ್ಟು ಹಾಕಿ ‘ಬಘಾ, ಹಾ ಫುಟತ್ ನಾಹೀ’ ಅಂದರು. ನಿಜಕ್ಕೂ ಅದು ಒಡೆಯಲೇ ಇಲ್ಲ. ಬೆರಳಿನಿಂದ ಎಣ್ಣೆ ಬಾಟಲಿಯ ಬಾಯಿ ಒರೆಸಿ ಮುಟ್ಟಿದೆ. ನೊರೆ ಕುಗ್ಗಿ ಹಸಿರು ನೀರಾಯಿತು.

ಅದೇ ಪೈಪಿನಲ್ಲಿ ಸಿಮೆಥಿಕೋನ್ ಇರುವ ಔಷಧಿ ಬಿಟ್ಟರು. 9:10ಕ್ಕೆ ಮೊದಲ ತೇಗು. ಹುಳಿ ವಾಸನೆ ಮುಖಕ್ಕೆ ಬಡಿಯಿತು, ಅದರಷ್ಟು ಸಂತೋಷ ಯಾವ ಸುವಾಸನೆಯಿಂದಲೂ ಆಗಿಲ್ಲ. 10:30ಕ್ಕೆ ಎಡಗಡೆ ಗುಳಿ ಮತ್ತೆ ಕಂಡಿತು. ಸಂಜೆ ಹಾಲು ಐದೂವರೆಯ ಬದಲು ಮೂರು ಲೀಟರ್.

ಎಣ್ಣೆ ಕುಡಿಸುವುದು ಹೇಗೆ?

ಗಾಜಿನ ಬಾಟಲಿ ಬೇಡ, ಹಲ್ಲಿಗೆ ಸಿಕ್ಕಿ ಒಡೆಯುತ್ತದೆ. ಕತ್ತು ಉದ್ದನೆಯ ಪ್ಲಾಸ್ಟಿಕ್ ಬಾಟಲಿ ಸಾಕು. ಪಕ್ಕದಲ್ಲಿ ನಿಂತು ಬಾಯಿಯ ಮೂಲೆಯಿಂದ, ಹಲ್ಲಿಲ್ಲದ ಜಾಗದಲ್ಲಿ ಬಾಟಲಿಯ ತುದಿ ಇಡಿ. ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಮೂತಿ ನೆಟ್ಟಗಿದ್ದರೆ ಸಾಕು. ನಾಲಿಗೆ ಹಿಡಿದು ಎಳೆಯಬೇಡಿ, ನಾಲಿಗೆ ಎಳೆದರೆ ಅದು ನುಂಗುವುದು ಹೇಗೆ? ಒಂದು ಗುಟುಕು ಬಿಡಿ, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನೊಂದು. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ.

ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಉಬ್ಬರದಿಂದ ಉಳಿದ ಆಕಳು ಅದರಿಂದ ಸಾಯುತ್ತದೆ. ನೆಲಕ್ಕೆ ಅಡ್ಡ ಬಿದ್ದಿರುವ, ನುಂಗಲಾಗದ ಆಕಳಿಗೆ ಬಾಯಿಂದ ಏನನ್ನೂ ಹಾಕಬೇಡಿ. ಕರುವಿಗೂ ಆಡಿಗೂ ಅಳತೆ ಬೇರೆ, ಡಾಕ್ಟರನ್ನು ಕೇಳಿಯೇ ಕೊಡಿ.

ಸೂಜಿ ಚುಚ್ಚಿ ಗ್ಯಾಸ್ ತೆಗೆದರೆ ಆಯಿತಲ್ವಾ?

ಪ್ರತಿ ವರ್ಷ ಯಾರಾದರೂ ಇದನ್ನು ಕೇಳುತ್ತಾರೆ. ಗ್ಯಾಸ್ ಬೇರೆಯಾಗಿ ನಿಂತ ಉಬ್ಬರದಲ್ಲಿ ದಪ್ಪ ಸೂಜಿಯಿಂದ ಗ್ಯಾಸ್ ಹೊರಬರುತ್ತದೆ. ನೊರೆ ಬರುವುದಿಲ್ಲ, ತೂತನ್ನೇ ಮುಚ್ಚುತ್ತದೆ. ಡಾಕ್ಟರ ಬಳಿ ಇರುವ ಟ್ರೋಕಾರ್ ಅನ್ನುವ ಕೊಳವೆಯೂ ಎಷ್ಟೋ ಸಲ ಇಲ್ಲಿ ಸೋಲುತ್ತದೆ. ಆಗ ಅವರು ಎಡ ಪಕ್ಕೆಯನ್ನು ಗೇಣುದ್ದ ಕೊಯ್ದು ಹೊಟ್ಟೆಯನ್ನೇ ತೆರೆಯುತ್ತಾರೆ. ನೋಡಲು ಭಯಂಕರ, ಆದರೂ ಬದುಕುತ್ತವೆ.

ಮನೆಯ ಚಾಕುವಿನಿಂದ ನೀವು ಚುಚ್ಚಿದರೆ ಹೊಟ್ಟೆಯೊಳಗಿನ ಹೊಲಸು ಪಕ್ಕೆಯ ಒಳಗೆ ಸೋರಿ ಕೀವಾಗುತ್ತದೆ. ಆಕಳು ಬಿದ್ದುಬಿಟ್ಟಿದೆ, ಡಾಕ್ಟರು ದೂರದಲ್ಲಿದ್ದಾರೆ ಅನ್ನುವ ಗಳಿಗೆಯಲ್ಲಿ ಅವರು ಫೋನಿನಲ್ಲಿ ‘ಮಾಡು’ ಎಂದರೆ ಮಾತ್ರ ಆ ಮಾತು. ಅದೂ ಎಡಗಡೆ, ಗುಳಿ ಇದ್ದ ಜಾಗದಲ್ಲೇ. ಆ ಜಾಗವನ್ನು ಬೆರಳಿಟ್ಟು ತೋರಿಸಿ ಎಂದು ಮುಂದಿನ ಸಲ ಡಾಕ್ಟರು ಲಸಿಕೆ ಹಾಕಲು ಬಂದಾಗಲೇ ಕೇಳಿಕೊಳ್ಳಿ.

ಸೋಡಾ, ಇಂಗು, ಟರ್ಪೆಂಟೈನ್, ಬಟ್ಟೆ ಸೋಪಿನ ಪುಡಿ?

ಅಡುಗೆ ಸೋಡಾ ನೊರೆಯನ್ನು ಒಡೆಯುವುದಿಲ್ಲ. ಹುಳಿಗೆ ಬಿದ್ದರೆ ಇನ್ನಷ್ಟು ಗ್ಯಾಸ್ ಹುಟ್ಟಿಸುತ್ತದೆ. ಇಂಗನ್ನು ಎಣ್ಣೆಯಲ್ಲಿ ಕದಡಿ ಕೊಡುವುದು ನಮ್ಮ ಅಜ್ಜಂದಿರ ಕಾಲದ್ದು, ನೊರೆ ಒಡೆಯುವುದು ಅದರಲ್ಲಿರುವ ಎಣ್ಣೆ. ಇಂಗು ಹುಡುಕುತ್ತಾ ಹತ್ತು ನಿಮಿಷ ಕಳೆಯಬೇಡಿ. ಟರ್ಪೆಂಟೈನ್ ಬರಿದಾಗಿ ಕೊಟ್ಟರೆ ಬಾಯಿ, ಗಂಟಲು ಸುಡುತ್ತದೆ, ಹಾಲಿಗೂ ವಾಸನೆ ಬರುತ್ತದೆ. ಸೋಪಿನ ಪುಡಿ ಬೇಡ.

ಘಾಸ್ ಬಿಡಲು ಆಗುವುದಿಲ್ಲ, ಹಾಲು ಅದರಿಂದಲೇ. ಎಷ್ಟು, ಹೇಗೆ ಕೊಡಲಿ?

ಬಿಡಬೇಕಿಲ್ಲ, ನಾನೂ ಬಿಟ್ಟಿಲ್ಲ. ಮೊದಲು ಕಣಿಕೆ, ಆಮೇಲೆ ಘಾಸ್. ಈ ಕ್ರಮ ಒಂದನ್ನು ತಪ್ಪಿಸಬೇಡಿ. ಹೊಟ್ಟೆಯಲ್ಲಿ ಒಣ ನಾರು ಇದ್ದರೆ ಮೆಲುಕು ಬರುತ್ತದೆ, ಜೊಲ್ಲು ಇಳಿಯುತ್ತದೆ, ಘಾಸ್ ಗಬಗಬ ಹೋಗುವುದಿಲ್ಲ.

ಅರ್ಧ ಒಣದು ಅರ್ಧ ಹಸಿಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕಣ್ಣಳತೆಯಲ್ಲಿ ಮೋಸ ಹೋಗುತ್ತಾರೆ. ಹಸಿ ಘಾಸ್‌ನಲ್ಲಿ ಐದು ಪಾಲಿಗೆ ನಾಲ್ಕು ಪಾಲು ನೀರು. 10 ಕೆಜಿ ಘಾಸ್ ಎಂದರೆ ಒಣ ಲೆಕ್ಕದಲ್ಲಿ 2 ಕೆಜಿ. ಗೌರಿಯಂಥ ಆಕಳಿಗೆ ನಾನು ದಿನಕ್ಕೆ 5 ಕೆಜಿ ಕಣಿಕೆ, 12 ಕೆಜಿ ಘಾಸ್ ಕೊಡುತ್ತೇನೆ, ಹಿಂಡಿ ಬೇರೆ. ಒಣ ಲೆಕ್ಕ ಹಾಕಿದರೆ ಕಣಿಕೆ ನಾಲ್ಕೂವರೆ, ಘಾಸ್ ಎರಡೂವರೆಗೂ ಕಡಿಮೆ. ನೋಡಲು ಘಾಸ್ ರಾಶಿ ದೊಡ್ಡದು, ಹೊಟ್ಟೆಯೊಳಗೆ ಕಣಿಕೆಯೇ ಜಾಸ್ತಿ. ಎರಡನ್ನೂ ಮೇವು ಕತ್ತರಿಸುವ ಕುಟ್ಟಿ ಮಷಿನ್‌ಗೆ ಒಟ್ಟಿಗೆ ಹಾಕಿದರೆ ಆಕಳು ಎಲೆ ಆರಿಸಿಕೊಂಡು ತಿನ್ನಲು ಆಗುವುದಿಲ್ಲ.

ನಾವು ಮೇಯಿಸುವುದಿಲ್ಲ, ಕೊಯ್ದು ತಂದು ಹಾಕುತ್ತೇವೆ. ಆಗಲೂ ಉಬ್ಬುತ್ತಾ?

ಉಬ್ಬುತ್ತದೆ. ಆದರೆ ಕೊಯ್ದದ್ದು ಬಾಡಿದಷ್ಟೂ ಅಪಾಯ ಕಡಿಮೆ. ಸಂಜೆ ಕೊಯ್ದು ತೆಳ್ಳಗೆ ಹರವಿ ಮರುದಿನ ಹಾಕುವುದು ಒಳ್ಳೆಯದು. ರಾಶಿ ಹಾಕಿಟ್ಟರೆ ಅದು ಬಾಡುವುದಿಲ್ಲ, ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಬೆಳಿಗ್ಗೆ ಕೊಯ್ದು ಆಗಲೇ ಗೋದಲಿಗೆ ಸುರಿದರೆ ಹೊಲದಲ್ಲಿ ಮೇಯಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಮುಂಬೈ ತಬೇಲಾದಲ್ಲಿ ನಮ್ಮ ಎಮ್ಮೆಗಳು ಘಾಸ್ ಹೊಲವನ್ನೇ ಕಂಡಿಲ್ಲ. ಆದರೂ ಉಬ್ಬುತ್ತವಲ್ಲ?

ಹಳೆ ಬ್ರೆಡ್, ಹೋಟೆಲಿನ ಅನ್ನ, ಹಿಟ್ಟು ಒಮ್ಮೆಲೇ ಜಾಸ್ತಿ ತಿಂದಿದ್ದರೆ ಹೊಟ್ಟೆ ಹುಳಿಯಾಗುತ್ತದೆ. ಅದು ಬೇರೆಯೇ ಕಾಯಿಲೆ. ಎಣ್ಣೆಯ ಮೇಲೆ ನಂಬಿಕೆ ಇಟ್ಟು ಕೂರಬೇಡಿ, ಏನು ತಿಂದಿದೆ ಎಂದು ಡಾಕ್ಟರಿಗೆ ನಿಜ ಹೇಳಿ.

ಬೆಳಿಗ್ಗೆ ನೋಡಿದರೆ ಸತ್ತು ಊದಿತ್ತು. ಘಾಸ್‌ನಿಂದಲೇ ಅಲ್ವಾ?

ಹಾಗೆ ಹೇಳಲಾಗುವುದಿಲ್ಲ. ಯಾವ ಕಾರಣಕ್ಕೆ ಸತ್ತ ದನವಾದರೂ ಕೆಲವು ಗಂಟೆಯಲ್ಲಿ ಊದುತ್ತದೆ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಮುಟ್ಟಬೇಡಿ, ಕೊಯ್ಯಬೇಡಿ, ಚರ್ಮ ಸುಲಿಯಲು ಕೊಡಬೇಡಿ. ನೆರಡಿ ರೋಗ ಇರಬಹುದು, ಅದು ಮನುಷ್ಯರಿಗೂ ಬರುತ್ತದೆ. ಡಾಕ್ಟರು ಬರುವ ತನಕ ನಾಯಿ ಹತ್ತಿರ ಸುಳಿಯದ ಹಾಗೆ ಕಾಯಿರಿ.

ಇಳಿದ ಮೇಲೆ ಮತ್ತೆ ಯಾವಾಗ ಘಾಸ್ ಹಾಕಲಿ?

ಮೆಲುಕು ಶುರುವಾಗುವ ತನಕ ಏನೂ ಬೇಡ, ನೀರು ಮಾತ್ರ ಇರಲಿ. ಒಂದು ಹಗಲು ಒಂದು ರಾತ್ರಿ ಕಣ್ಣಿಟ್ಟಿರಿ, ಒಳಗೆ ಉಳಿದ ಘಾಸ್ ಮತ್ತೆ ನೊರೆ ಕಟ್ಟಬಹುದು. ಗೌರಿಗೆ ಮೂರು ದಿನ ಬರೀ ಕಣಿಕೆ ಹಾಕಿದೆ. ನಾಲ್ಕನೇ ದಿನ ಬಾಡಿದ ಘಾಸ್ ಎರಡು ಕೆಜಿ, ಆಮೇಲೆ ದಿನಕ್ಕೊಂದು ಕೆಜಿ ಏರಿಸಿದೆ. ಕೆಲವು ಆಕಳುಗಳು ಮತ್ತೆ ಮತ್ತೆ ಉಬ್ಬುತ್ತವೆ, ಪಕ್ಕದಲ್ಲಿ ಅದನ್ನೇ ತಿಂದದ್ದಕ್ಕೆ ಏನೂ ಆಗಿರುವುದಿಲ್ಲ. ಗೌರಿ ಆ ಜಾತಿಯದು. ಮುಂದಿನ ಚಳಿಗಾಲದಲ್ಲೂ ಒಮ್ಮೆ ಸ್ವಲ್ಪ ಉಬ್ಬಿತು. ಆಗ ಗೋಠಾದ ಗೋಡೆಯ ಗೂಡಿನಲ್ಲಿ ಎಣ್ಣೆ ಬಾಟಲಿ ಸಿದ್ಧವಾಗಿತ್ತು. ಅದರ ಹಗ್ಗವನ್ನೂ ಒಂದೂವರೆ ಮಾರು ಗಿಡ್ಡ ಮಾಡಿದ್ದೇನೆ.